ಎಷ್ಟು ಪಿಲ್ಲರ್, ಯಾವ ಪಿಲ್ಲರ್?

“ಸರ್, ಲಿಂಕ್ಡ್‌ಇನ್‌ನಲ್ಲಿ ಕರಿಯರ್ ಕೋಚ್ ಅಂತ ಹೆಸರು ಮಾಡ್ಬೇಕು ಅಂದ್ರೆ ಎಷ್ಟು ಕಂಟೆಂಟ್ ಪಿಲ್ಲರ್ ಇಟ್ಕೋಬೇಕು? ಯಾವ್ಯಾವ್ದು?”

ಪಿಲ್ಲರ್ ಅಂದರೆ ನಾವು ಮತ್ತೆ ಮತ್ತೆ ಬರೆಯಲು ಆರಿಸಿಕೊಂಡ ವಿಷಯ. ಮೂರು ಸಾಕು. ನಾನು ಐದರಿಂದ ಶುರು ಮಾಡಿ ಪೆಟ್ಟು ತಿಂದವನು: ರೆಸ್ಯೂಮೆ, ಇಂಟರ್‌ವ್ಯೂ, ನಾಯಕತ್ವ, ಸಮಯಪಾಲನೆ, ಸ್ಫೂರ್ತಿ. ಆರು ತಿಂಗಳು ವಾರಕ್ಕೆ ಮೂರರಂತೆ ಬರೆದೆ. ಲೈಕ್ ಚೆನ್ನಾಗಿಯೇ ಬೀಳುತ್ತಿತ್ತು. ಒಂದು ದಿನ ಪೋಸ್ಟಿನ ಅನಾಲಿಟಿಕ್ಸ್ ತೆಗೆದು, ಓದಿದವರು ಯಾವ ಹುದ್ದೆಯವರು ಅಂತ ನೋಡಿದರೆ ಮೇಲೆ ಎಚ್‌ಆರ್, ಕೆಳಗೆ ಟ್ರೈನರ್, ಅದರ ಕೆಳಗೆ ನನ್ನಂಥದೇ ಕೋಚ್‌ಗಳು. ಪಕ್ಕದ ಅಂಗಡಿಯವರೇ ಬಂದು ನೋಡಿಕೊಂಡು ಹೋಗುತ್ತಿದ್ದರು! ನನಗೆ ಫೀಸು ಕೊಡುತ್ತಿದ್ದವರು ನಮ್ಮ ತುಮಕೂರಿನ ಹತ್ತಿರದ ವಸಂತನರಸಾಪುರದ ಕಾರ್ಖಾನೆಗಳಲ್ಲಿ ನಾಲ್ಕೈದು ವರ್ಷ ದುಡಿದು, ಬೆಂಗಳೂರಿಗೆ ಹೋಗಬೇಕು ಅಂದುಕೊಂಡಿರುವ ಡಿಪ್ಲೊಮಾ ಹುಡುಗರು. ಆ ಪಟ್ಟಿಯಲ್ಲಿ ಅವರ ಸುಳಿವೇ ಇರಲಿಲ್ಲ.

ಆಮೇಲೆ ಒಂದು ಭಾನುವಾರ ಹಳೆಯ ವಾಟ್ಸಾಪ್ ಚಾಟ್‌ಗಳನ್ನು ತಿರುವಿ, ಮೂವತ್ತು ಜನ ನನ್ನನ್ನು ಮೊಟ್ಟಮೊದಲು ಏನು ಕೇಳಿದ್ದರು ಅನ್ನುವುದನ್ನು ಅವರ ಮಾತಲ್ಲೇ ಚೀಟಿಗಳಲ್ಲಿ ಬರೆದೆ. “ನಾನು ಮಾಡಿದ್ದು ಇನ್ಸ್‌ಪೆಕ್ಷನ್ ಅಷ್ಟೇ, ರೆಸ್ಯೂಮೆಲಿ ಏನ್ ಬರೀಲಿ?” “ಬಿಇ ಇಲ್ಲ ಅಂತ ಫಾರ್ಮ್‌ನಲ್ಲೇ ತಳ್ಳಿಬಿಡ್ತಾರೆ ಸರ್.” “ದಿನಾ ಟ್ರೈನಲ್ಲಿ ಓಡಾಡ್ಲಾ, ಅಲ್ಲೇ ರೂಮ್ ಮಾಡ್ಲಾ?” ಒಂದೇ ಥರದವನ್ನು ಒಟ್ಟು ಮಾಡುತ್ತಾ ಹೋದರೆ ಮೂರು ಗುಡ್ಡೆ ಆಯಿತು. ಶಾಪ್ ಫ್ಲೋರ್ ಕೆಲಸವನ್ನು ಕಾಗದಕ್ಕಿಳಿಸುವುದು ಒಂದು. ಡಿಪ್ಲೊಮಾದವರ ಮುಂದಿನ ದಾರಿ ಇನ್ನೊಂದು. ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವುದೋ, ಅನುಭವದ ಮೇಲೇ ಏರುವುದೋ ಅನ್ನುವ ಚರ್ಚೆ. ಮೂರನೆಯದು ಟ್ರೈನ್–ರೂಮಿನ ಲೆಕ್ಕ. ಸ್ಫೂರ್ತಿ ಬೇಕು ಅಂದ ಚೀಟಿ ಒಂದೂ ಸಿಗಲಿಲ್ಲ.

ಗುಡ್ಡೆ ಆದ ತಕ್ಷಣ ಅದು ಪಿಲ್ಲರ್ ಅಲ್ಲ. ಪ್ರತಿಯೊಂದಕ್ಕೂ ಕೂತಲ್ಲೇ ಹತ್ತು ಪೋಸ್ಟಿನ ತಲೆಬರಹ ಬರೆಯಿರಿ. ನನ್ನ ಟ್ರೈನ್–ರೂಮಿನ ಲೆಕ್ಕ ಐದಕ್ಕೇ ನಿಂತಿತು. ಅದನ್ನು “ಆಫರ್ ಬಂದ ಮೇಲೆ” ಅಂತ ಅಗಲ ಮಾಡಿದೆ: ಸಿಟಿಸಿಗೂ ಕೈಗೆ ಬರುವುದಕ್ಕೂ ಇರುವ ಅಂತರ, ನೋಟಿಸ್ ಪೀರಿಯಡ್, ಬಾಂಡ್, ರಾತ್ರಿ ಪಾಳಿಗೆ ಗಾಡಿ ವ್ಯವಸ್ಥೆ. ಆಗ ಹತ್ತು ಸಲೀಸಾಗಿ ಬಂತು.

ಮೊದಲ ಪಿಲ್ಲರಿನ ಒಂದು ಪೋಸ್ಟ್ ತೋರಿಸುತ್ತೇನೆ. ಮೊಬೈಲಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಅದಕ್ಕೇ ಚೀಟಿಯ ಮಾತನ್ನೇ ಮೊದಲ ಸಾಲಿಗೆ ಹಾಕಿದೆ: “ನಾನು ಮಾಡಿದ್ದು ಇನ್ಸ್‌ಪೆಕ್ಷನ್ ಅಷ್ಟೇ ಸರ್.” ಹುಡುಗನ ರೆಸ್ಯೂಮೆಯಲ್ಲಿ ಇದ್ದದ್ದೂ “ಕ್ವಾಲಿಟಿ ಇನ್ಸ್‌ಪೆಕ್ಷನ್ ಜವಾಬ್ದಾರಿ” ಅಂತ ಒಂದೇ ಸಾಲು. ಯಾವ ಪಾರ್ಟು, ಯಾವುದರಲ್ಲಿ ಅಳೆಯುತ್ತಿದ್ದೆ, ತಪ್ಪು ಸಿಕ್ಕ ಮೇಲೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಸಿಎನ್‌ಸಿಯಲ್ಲಿ ಟರ್ನಿಂಗ್ ಆದ ಶಾಫ್ಟು, ಅಳೆಯೋದು ಮೈಕ್ರೋಮೀಟರಿನಲ್ಲಿ ಅಂದ. ಮೂರನೇ ಪ್ರಶ್ನೆಗೆ ನಿಜವಾದ ಸರಕು ಹೊರಗೆ ಬಂತು. ಪಾಳಿಯ ಕೊನೆಕೊನೆಗೆ ವ್ಯಾಸ ದಪ್ಪ ಬರುವುದನ್ನು ಅವನು ಗಮನಿಸಿದ್ದ. ಲೋಹ ಕತ್ತರಿಸುವ ಇನ್ಸರ್ಟ್ ಸವೆದಿರುವುದೇ ಕಾರಣ ಅಂತ ಮಷೀನ್ ಸೆಟ್ಟರ್‌ಗೆ ತೋರಿಸಿ, ಇಷ್ಟು ಪೀಸಿಗೆ ಒಂದು ಸಲ ಬದಲಿಸಬೇಕು ಅಂತ ಎಣಿಕೆ ಗೊತ್ತು ಮಾಡಿಸಿದ್ದ. ಹಳೆಯ ಸಾಲು, ಮೂರು ಪ್ರಶ್ನೆ, ಹೊಸ ಸಾಲು. ಪೋಸ್ಟ್ ಅಷ್ಟೇ. ಶಾಫ್ಟಿನ ಕೆಲಸ ಗೊತ್ತಿದ್ದವನು ಆ ಪ್ರಶ್ನೆಗಳನ್ನು ನೋಡಿದರೆ, ಈ ಮನುಷ್ಯನಿಗೆ ನಮ್ಮ ಕೆಲಸ ಅರ್ಥವಾಗುತ್ತದೆ ಅಂದುಕೊಳ್ಳುತ್ತಾನೆ.

ಇಂಥ ಪೋಸ್ಟಿನಲ್ಲಿ ಒಂದು ಅಪಾಯ ಇದೆ. ಇದಕ್ಕೂ ಮುಂಚೆ ಇನ್ನೊಬ್ಬನ ಕಥೆ ಹಾಕಿದಾಗ ಹೆಸರು ತೆಗೆದಿದ್ದೆ, ಊರು ಮತ್ತು ಪಾಳಿ ಹಾಗೇ ಉಳಿದಿತ್ತು. ಅವನ ಸೂಪರ್‌ವೈಸರ್ ಓದಿ, “ಏನಪ್ಪ, ಬಿಟ್ಟು ಹೋಗ್ತಿದೀಯಂತೆ?” ಅಂತ ಕೇಳಿಯೇಬಿಟ್ಟರು. ತುಮಕೂರು ಅಷ್ಟು ಚಿಕ್ಕದು. ಈಗ ಹುಡುಗ ಹೊಸ ಕಡೆ ಸೇರುವವರೆಗೆ ಕಾಯುತ್ತೇನೆ, ಬರೆದದ್ದನ್ನು ಅವನಿಗೆ ತೋರಿಸಿ ಒಪ್ಪಿಗೆ ಪಡೆದೇ ಹಾಕುತ್ತೇನೆ. ಶಾಫ್ಟಿನವನೂ ಹಾಗೇ ಒಪ್ಪಿದವನು.

ಪಿಲ್ಲರ್ ಬದಲಿಸಿದ ಮೇಲೆ ಲೈಕ್ ಅರ್ಧಕ್ಕೆ ಇಳಿಯಿತು, ಸುಳ್ಳು ಯಾಕೆ ಹೇಳಲಿ. ಮೂರು ತಿಂಗಳು ತಡೆದುಕೊಂಡೆ. ಆಮೇಲೆ ಅದೇ ಪಟ್ಟಿಯಲ್ಲಿ ಕ್ವಾಲಿಟಿ ಎಂಜಿನಿಯರ್, ಪ್ರೊಡಕ್ಷನ್ ಸೂಪರ್‌ವೈಸರ್ ಕಾಣತೊಡಗಿದರು. “ಆ ಶಾಫ್ಟ್ ಪೋಸ್ಟ್ ನೋಡಿದೆ ಸರ್” ಅಂತ ಮೆಸೇಜುಗಳೂ ಬಂದವು. ಆದರೆ ಐಟಿಐ ಹುಡುಗರು ಈಗಲೂ ಲಿಂಕ್ಡ್‌ಇನ್‌ನಲ್ಲಿ ಸಿಗುವುದು ಅಪರೂಪ. ಅವರಿಗೆ ವಾಟ್ಸಾಪ್ ಗ್ರೂಪೇ ಗತಿ.

ಚೀಟಿಗಳು ಈಗಲೂ ಬಿಸ್ಕತ್ ಡಬ್ಬಿಯಲ್ಲಿವೆ, ಹೊಸವು ಸೇರುತ್ತಲೇ ಇವೆ. ಈಚೆಗೆ “ಗಲ್ಫ್‌ಗೆ ಹೋಗೋದು ಹೆಂಗೆ ಸರ್?” ಅನ್ನುವ ನಾಲ್ಕು ಚೀಟಿ ಬಿದ್ದಿವೆ. ಅದರ ಮೇಲೆ ಬರೆದರೆ ಓದುವವರಿಗೇನೂ ಕೊರತೆಯಿಲ್ಲ. ಆದರೆ ನಾನು ಇದುವರೆಗೆ ಒಬ್ಬನನ್ನೂ ಅಲ್ಲಿಗೆ ಕಳಿಸಿಲ್ಲ, ಹಾಗಾಗಿ ಆ ನಾಲ್ಕು ಡಬ್ಬಿಯಲ್ಲೇ ಇರುತ್ತವೆ.