ಪೀಕ್ ವಿಮಾ ದನಿಸಂದೇಶ: ಒಂದು ರೂಪಾಯಿಯ ವಾಕ್ಯ ಕಡೆಗೂ ಬಗ್ಗಿತು

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆಯ ಕನ್ನಡ ಮಾತಾಡುವ ರೈತರ ಕೀಪ್ಯಾಡ್ ಫೋನಿಗೆಂದು 2025ರ ಮುಂಗಾರಿಗೆ ಹೊಸೆಯುತ್ತಿದ್ದ ಪೀಕ್ ವಿಮಾ, ಅಂದರೆ ಬೆಳೆ ವಿಮೆಯ ದನಿಸಂದೇಶ ಈಗ ಒಂದು ನಿಮಿಷದೊಳಗೆ ಮುಗಿಯುವಂತಾಗಿದೆ. ಕೇಳಿದವರು ತಿರುಗಿ ಸರಿಯಾಗಿ ಹೇಳುತ್ತಿದ್ದಾರೆ. ರೆಕಾರ್ಡಿಂಗ್, ನಂಬರ್ ಪಟ್ಟಿ, ಕರೆ ಹೊತ್ತು ಹಾಕುವುದು ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿದ್ದದ್ದೇ, ಬಿಡಿ. ತಲೆ ತಿಂದದ್ದು ಒಂದೇ ಒಂದು ವಾಕ್ಯ: ಎಷ್ಟು ದುಡ್ಡು ಕಟ್ಟಬೇಕು ಅನ್ನುವುದು.

ಮಹಾರಾಷ್ಟ್ರದಲ್ಲಿ 2023ರ ಮುಂಗಾರಿನಿಂದ ರೈತ ಒಂದು ರೂಪಾಯಿ ಕೊಟ್ಟರೆ ಪೀಕ್ ವಿಮಾ ಆಗುತ್ತಿತ್ತು. 2025ರ ಮುಂಗಾರಿಗೆ ಅದು ನಿಂತು ಹಳೇ ಪದ್ಧತಿ ಮರಳಿತು. ತೊಗರಿ, ಉದ್ದು, ಹೆಸರು, ಸೋಯಾಬೀನ್‌ಗೆ ವಿಮೆ ಮೊತ್ತದ ಮೇಲೆ ಹೆಚ್ಚೆಂದರೆ ನೂರಕ್ಕೆ ಎರಡು ರೂಪಾಯಿ, ಉಳ್ಳಾಗಡ್ಡಿಯಂಥ ವಾಣಿಜ್ಯ ಬೆಳೆಗೆ ಐದು. ಆದರೆ ಊರವರ ಬಾಯಲ್ಲಿ ಅದರ ಹೆಸರು ಇನ್ನೂ ‘ಒಂದ್ ರೂಪಾಯಿ ವಿಮಾ’. ಹಾಗಾಗಿ ಮೊದಲ ಕರಡಿನಲ್ಲಿ ಇಟ್ಟಿದ್ದ ಸಾಲು ಇದು: “ಈ ವರ್ಷ ಒಂದ್ ರೂಪಾಯಿಗೆ ವಿಮಾ ಆಗಂಗಿಲ್ಲ.”

ಕಾಗದದ ಮೇಲೆ ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಫೋನಿನಲ್ಲಿ ಕೇಳಿಸಿದರೆ ಅರ್ಧ ಜನ “ಒಂದ್ ರೂಪಾಯಿಗೆ ವಿಮಾ ಚಾಲೂ ಆಗ್ಯಾದಂತ” ಎಂದು ತಿರುಗಿ ಹೇಳುತ್ತಾರೆ. ಕಾರಣ ಸರಳ. ನಮ್ಮ ಮಾತಿನಲ್ಲಿ ‘ಇಲ್ಲ’ ಬರುವುದು ವಾಕ್ಯದ ಬಾಲದಲ್ಲಿ, ದನಿ ಇಳಿಯುವುದೂ ಅಲ್ಲೇ. ಹೊಲದಲ್ಲಿ ಸಿಗ್ನಲ್ ಒಂದು ಕ್ಷಣ ಕೈಕೊಟ್ಟರೆ, ಪಕ್ಕದಲ್ಲಿ ಟ್ರ್ಯಾಕ್ಟರ್ ಗುರ್ರೆಂದರೆ, ನುಂಗಿಹೋಗುವುದು ಆ ಬಾಲವೇ. ಉಳಿಯುವುದು ಮೊದಲೇ ತಲೆಯಲ್ಲಿ ಕೂತಿದ್ದ ಒಂದು ರೂಪಾಯಿ.

ಒಂದು ರೂಪಾಯಿಯ ಮಾತನ್ನೇ ಎತ್ತದೆ ಬಿಟ್ಟು ನೋಡಿದ್ದೂ ಆಯಿತು. ಆಗ ಯಾರೂ ತಪ್ಪಾಗಿ ಕೇಳಿಸಿಕೊಳ್ಳುವುದಿಲ್ಲ, ಆದರೆ ತಲೆಯಲ್ಲಿದ್ದ ಹಳೆಯದು ಹಾಗೇ ಉಳಿಯುತ್ತದೆ. ರೈತ ಅರ್ಜಿ ತುಂಬಿಕೊಡುವ ಸಿಎಸ್‌ಸಿ ಸೆಂಟರಿಗೆ ಹೋಗಿ “ಒಂದ್ ರೂಪಾಯಿ ಇದ್ದದ್ದು ಇಷ್ಟ್ಯಾಕ” ಎಂದು ಜಗಳ ತೆಗೆಯುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ದುಡ್ಡು ಸಾಲದೆ ವಾಪಸ್ ಬರುತ್ತಾನೆ.

ಈ ಗಂಟು ಬಿಡಿಸಿದ್ದು ಬರಹದ ವ್ಯಾಕರಣ ಅಲ್ಲ, ಕಟ್ಟೆಯ ಮಾತು. ಕಟ್ಟೆಯಲ್ಲಿ ಯಾರೂ “ಆ ಬಸ್ಸು ನಿಂತುಹೋಗಿದೆ” ಅನ್ನುವುದಿಲ್ಲ. “ಬಂದಾಗ್ಯಾದಲ್ಲೋ ಆ ಬಸ್ಸು” ಅನ್ನುತ್ತಾರೆ. ಕ್ರಿಯಾಪದ ಮುಂದೆ, ವಿಷಯ ಹಿಂದೆ. ಹಾಗೆ ತಿರುಗಿಸಿ, ಅದೇ ಪದ ಎರಡು ಸಲ ಹೇಳಿಸಿ, ತಪ್ಪು ತಿಳಿವಳಿಕೆಯನ್ನು ಪ್ರಶ್ನೆ ಕೇಳುವ ಗಂಡುದನಿಯ ಬಾಯಿಗೆ ಹಾಕಿದ ಮೇಲೆ ವಾಕ್ಯ ನಿಂತಿತು. ದನಿ ಬದಲಾಗುವುದರಿಂದ ಒಂದು ಪದ ನುಂಗಿದರೂ ‘ಇವ ಕೇಳಿದ್ದಕ್ಕ ಆಕಿ ಬ್ಯಾಡ ಅಂದ್ಲು’ ಅನ್ನುವುದು ದಾಟುತ್ತದೆ.

ಮುಂದಿನದು ಮೊತ್ತ. ‘ಎರಡು ಪರ್ಸೆಂಟ್’ ಕಿವಿಯಲ್ಲಿ ನಿಲ್ಲುವುದಿಲ್ಲ, ಯಾವುದರ ಮೇಲೆ ಎರಡು ಅನ್ನುವುದೂ ತಿಳಿಯುವುದಿಲ್ಲ. ಬೆಳೆಗೊಂದು ವಿಮೆ ಮೊತ್ತ ಇರುವುದರಿಂದ ಒಂದೇ ಸಂಖ್ಯೆ ಹೇಳುವಂತೆಯೂ ಇಲ್ಲ. ಲೆಕ್ಕಕ್ಕೆಂದು ಹೆಕ್ಟೇರಿಗೆ ವಿಮೆ ಮೊತ್ತ 40,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ ಎರಡರಂತೆ ಹೆಕ್ಟೇರಿಗೆ 800. ಸಾತ್‌ಬಾರಾ ಅನ್ನುವ ಇಲ್ಲಿಯ ಜಮೀನು ದಾಖಲೆಯಲ್ಲಿ ಅಳತೆ ಹೆಕ್ಟೇರ್ ಮತ್ತು ಆರ್‌ನಲ್ಲಿ ಇರುತ್ತದೆ, ನೂರು ಆರ್‌ಗೆ ಒಂದು ಹೆಕ್ಟೇರ್. ಅಂದರೆ ಒಂದು ಆರ್‌ಗೆ 8 ರೂಪಾಯಿ. ಒಂದು ಆರ್ ನೂರು ಚದರ ಮೀಟರ್, ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಬಾಯಿ ಲೆಕ್ಕಕ್ಕೆ ಎರಡೂ ಒಂದೇ. 30 ಗುಂಟೆ ತೊಗರಿಗೆ 240ರ ಸುಮಾರು, ಎಕರೆಗೆ 320ರ ಸುಮಾರು. ಸಂದೇಶದಲ್ಲಿ ‘ಗುಂಟೆ ಲೆಕ್ಕ’ ಅಂದರೆ ಸಾಕು, ದರ ಗೊತ್ತಾದೊಡನೆ ಉಳಿದದ್ದನ್ನು ರೈತ ಬೆರಳ ಮೇಲೆ ಮಾಡಿ ಮುಗಿಸುತ್ತಾನೆ, ನಮಗಿಂತ ಬೇಗ.

‘ಆರ್’ ಎಂಬುದನ್ನು ಸಂದೇಶದಲ್ಲಿ ಬಾಯಿ ತಪ್ಪಿಯೂ ಬಳಸಬೇಡಿ. “ಇಪ್ಪತ್ತು ಆರ್” ಫೋನಿನಲ್ಲಿ ಇಪ್ಪತ್ತಾರು ಆಗುತ್ತದೆ. ದೇವರೇ ಬಂದು ಓದಿದರೂ ಆಗುತ್ತದೆ. ಹಾಗೆಯೇ ಕರ್ನಾಟಕದ ಸಂದೇಶದಿಂದ ‘ಪಹಣಿ ತನ್ನಿ’ ಎತ್ತಿಕೊಂಡರೆ ಇಲ್ಲಿಯವರ ತಲೆ ಈ-ಪೀಕ್ ಪಾಹಣಿ ಕಡೆ ಹೋಗುತ್ತದೆ. ಅದು ಬಿತ್ತಿದ್ದನ್ನು ದಾಖಲಿಸುವ ಬೇರೆಯೇ ಕೆಲಸ. ಇಲ್ಲಿ ಸಾತ್‌ಬಾರಾ ಅಂದರೇ ಸೈ.

ಸದ್ಯಕ್ಕೆ ನಿಂತಿರುವ ಮಾತು ಇಷ್ಟು:

ಹೆಣ್ಣು: ನಮಸ್ಕಾರ್ರೀ. ರೈತರೆಲ್ಲರಿಗೂ ನಮಸ್ಕಾರ್ರೀ.
ಗಂಡು: ಅಕ್ಕಾ, ತೊಗರಿಗಿ ಪೀಕ್ ವಿಮಾ ತುಂಬಬೇಕು. ಎಲ್ಲಿ ಹೋಗ್ಲಿ?
ಹೆಣ್ಣು: ಸಿಎಸ್‌ಸಿ ಸೆಂಟರಿಗಿ ಹೋಗು ತಮ್ಮಾ. ಬೆಳಿಸಾಲ ಇದ್ರ ಮೊದಲ ಬ್ಯಾಂಕಿನಾಗ ಕೇಳು.
ಗಂಡು: ಒಂದ್ ರೂಪಾಯಿ ಒಯ್ದ್ರ ಸಾಕಲ್ಲ?
ಹೆಣ್ಣು: ಬಂದಾಗ್ಯಾದ, ಬಂದಾಗ್ಯಾದ ಆ ಒಂದ್ ರೂಪಾಯಿ ವಿಮಾ. ಈಗ ಗುಂಟೆ ಲೆಕ್ಕ. ಎಷ್ಟ್ ಗುಂಟೆ ಬಿತ್ತಿದಿ, ಅಷ್ಟ್ ರೊಕ್ಕ. ರಶೀದಿ ತಗೊಂಡೇ ಬಾ. ಕೊಡಬ್ಯಾಡ ಮ್ಯಾಲಿನ ರೊಕ್ಕ, ಫಾರಮ್ ತುಂಬಿದ್ದಕ್ಕ.
ಗಂಡು: ಕಾಗದ ಏನೇನು?
ಹೆಣ್ಣು: ಐದು. ಆಧಾರ್. ಪಾಸ್‌ಬುಕ್. ಸಾತ್‌ಬಾರಾ. ಫಾರ್ಮರ್ ಐಡಿ. ಬಿತ್ತಿದ್ದರ ಘೋಷಣಾಪತ್ರ.
ಗಂಡು: ಯಾವತ್ತಿನ ತನಕ?
ಹೆಣ್ಣು: ಪಂಚಮಿ ಆದ ಮ್ಯಾಲಿನ ಗುರುವಾರದ ತನಕ. ಜುಲೈ ಮೂವತ್ತೊಂದು.
ಹೆಣ್ಣು: ಮತ್ತ ಕೇಳಬೇಕಂದ್ರ ನಡುವಿನ ಬಟನ್ ಒತ್ತ್ರಿ, ಐದು.

ಕೆಲವು ಸಾಲಿಗೆ ಕಾರಣ ಹೇಳಬೇಕು. ಬ್ಯಾಂಕಿನ ಮಾತು ಬಂದದ್ದು ಏಕೆಂದರೆ, ಬೆಳೆಸಾಲ ಇದ್ದವರ ಖಾತೆಯಿಂದ, ‘ನನಗೆ ಬೇಡ’ ಎಂದು ಕೊನೇ ದಿನಕ್ಕೆ ಏಳು ದಿನ ಮುಂಚೆ ಬರೆದುಕೊಡದಿದ್ದರೆ, ಬ್ಯಾಂಕೇ ಹಣ ಮುರಿದು ವಿಮೆ ಮಾಡಿಸುತ್ತದೆ. ಗೊತ್ತಿಲ್ಲದೆ ಸಿಎಸ್‌ಸಿಯಲ್ಲೂ ತುಂಬಿದರೆ ಒಂದೇ ಗಟ್ ನಂಬರಿಗೆ, ಅಂದರೆ ಒಂದೇ ಹೊಲಕ್ಕೆ, ಎರಡು ಅರ್ಜಿಯಾಗಿ ತಕರಾರು ಬರುತ್ತದೆ. ಫಾರಮ್ ತುಂಬಿದ್ದಕ್ಕೆ ಸಿಎಸ್‌ಸಿಗೆ ವಿಮಾ ಕಂಪನಿಯೇ ಅರ್ಜಿಗೆ 40 ರೂಪಾಯಿ ಕೊಡುತ್ತದೆ, ರೈತ ಕೊಡಬೇಕಾಗಿಲ್ಲ. ಆದರೆ 40ರ ಅಂಕಿಯನ್ನು ಸಂದೇಶಕ್ಕೆ ಹಾಕಿದರೆ ‘ನಲವತ್ತು ಕೊಡಬೇಕಂತ’ ಎಂದು ಊರೆಲ್ಲ ಹಬ್ಬುತ್ತದೆ. ಅದಕ್ಕೇ ಅಂಕಿ ಇಲ್ಲ.

ಐದರ ಬಟನ್ ಆಯ್ದುಕೊಂಡದ್ದಕ್ಕೂ ಹಿಂದಿನ ಜಗಳವೇ ಕಾರಣ. “ಒಂದು ಒತ್ತಿರಿ” ಅಂದರೆ ಸಂದೇಶದ ಕೊನೆಗೆ ಮತ್ತೆ ‘ಒಂದು’ ಬಂದು ಕೂರುತ್ತದೆ, ಅಷ್ಟು ಕಷ್ಟಪಟ್ಟು ಹೊರಗೆ ಹಾಕಿದ್ದು. ಕೀಪ್ಯಾಡ್ ಫೋನಿನಲ್ಲಿ ಐದರ ಮೇಲೆ ಸಣ್ಣ ಗುಬುಟು ಇರುತ್ತದೆ, ನೋಡದೆಯೇ ಬೆರಳಿಗೆ ಸಿಗುತ್ತದೆ.

ಮೊದಲ ಸಾಲಿನಲ್ಲಿ ನಮಸ್ಕಾರ ಎರಡು ಸಲ ಇರುವುದು ಮರ್ಯಾದೆಗಲ್ಲ. ಹಸಿರು ಬಟನ್ ಒತ್ತಿ ಫೋನು ಕಿವಿಗೆ ಬರುವಷ್ಟರಲ್ಲಿ ಮೊದಲ ಪದಗಳು ಗಾಳಿಗೆ ಹೋಗಿರುತ್ತವೆ. ಅಲ್ಲಿ ಮೌನ ಇಟ್ಟರೆ ಜನ “ಹಲೋ ಹಲೋ” ಎಂದು ಕಟ್ ಮಾಡುತ್ತಾರೆ. ಕಳೆದುಹೋದರೂ ನಷ್ಟವಿಲ್ಲದ ಮಾತು ಬೇಕು, ನಮಸ್ಕಾರಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಕಡತ ತಯಾರಿಕೆ ಮಾಮೂಲಿ. ಸಾಧಾರಣ ಕರೆ 300ರಿಂದ 3400 ಹರ್ಟ್ಜ್‌ವರೆಗಷ್ಟೇ ಸಾಗಿಸುವುದರಿಂದ, ಅದರಾಚೆಯದನ್ನು ನಾವೇ ಕತ್ತರಿಸಿ ಕೇಳಿಬಿಡುವುದು ಲೇಸು:

```
ffmpeg -i vima.wav -af "highpass=f=300,lowpass=f=3400,acompressor,loudnorm" -ar 8000 -ac 1 -c:a pcm_s16le vima_8k.wav
```

ಇದನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ಖುಷಿಪಡಬೇಡಿ. ಬಟನ್ ಫೋನಿಗೆ ನಿಜವಾದ ಕರೆ ಹಾಕಿ, ಸ್ಪೀಕರ್ ಹಚ್ಚಿ, ಕೇಳಿದವರನ್ನು ಎಲ್ಲಿ, ಎಷ್ಟು, ಯಾವತ್ತು ಅನ್ನುವ ಮೂರೇ ಪ್ರಶ್ನೆ ಕೇಳಿ. ‘ಅರ್ಥವಾಯ್ತಾ’ ಎಂದು ಕೇಳಿದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ, ಪಾಪ, ಬೇಜಾರಾಗದಿರಲಿ ಎಂದು.

ಕೊನೇ ದಿನದ ಸಾಲು ಮಾತ್ರ ಬೇರೆ ಕಡತ. ಈ ಯೋಜನೆಯಲ್ಲಿ ದಿನಾಂಕ ಮುಂದೂಡುವುದು ಹೊಸದಲ್ಲ. 2025ರಲ್ಲೂ ಜುಲೈ 31 ಇದ್ದದ್ದು ಸಾಲವಿಲ್ಲದವರಿಗೆ ಆಗಸ್ಟ್ 14 ಆಯಿತು. ತುಂಡು ಜೋಡಿಸಿದರೆ ದನಿ ಎಗರುವುದು ಗೊತ್ತಾಗುತ್ತದೆಂಬ ಭಯ ಇತ್ತು. ಗಂಡುದನಿಯ ಪ್ರಶ್ನೆ ಆದ ಮೇಲೆ ಕತ್ತರಿಸಿದರೆ ಜೋಡಣೆ ಕೇಳಿಸುವುದೇ ಇಲ್ಲ. ಹೊಸ ತುಂಡಿನಲ್ಲಿ “ಝಂಡಾ ಹಾರಿಸೋ ಹಿಂದಿನ ದಿನದ ತನಕ, ಆಗಸ್ಟ್ ಹದಿನಾಕು” ಎಂದಿದೆ. ಪಂಚಮಿ, ಝಂಡಾ ಇವು ನೆನಪಿಗೆ, ತಾರೀಖು ಖಾತ್ರಿಗೆ, ಎರಡೂ ಬೇಕು.

ಇನ್ನು ಕರೆ ಕಳಿಸುವ ಪುಣ್ಯಾತ್ಮರು. ಅವರ ಬಿಲ್ಲು 30 ಸೆಕೆಂಡಿನ ಪಲ್ಸ್ ಲೆಕ್ಕ, 61 ಸೆಕೆಂಡಾದರೆ ಮೂರು ಪಲ್ಸ್. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು, ಅವರ ವ್ಯವಸ್ಥೆ ಕಡತದ ಕೊನೆಗೆ ತನ್ನದೇ ಮೌನ ಅಂಟಿಸುತ್ತದೆ ಅನ್ನುವುದು. ನಿಮ್ಮದು 59 ಸೆಕೆಂಡಿದ್ದರೂ ಬಿಲ್ಲಿನಲ್ಲಿ 62. ನಾವು ಕೊಟ್ಟ ವೇವ್ ಕಡತವನ್ನು ಒಳಗೆ ಎಂಪಿ3 ಮಾಡಿ ಮತ್ತೆ ಬಿಚ್ಚುವುದರಿಂದ ‘ಸ’ಕಾರಗಳೆಲ್ಲ ಬುಸುಗುಟ್ಟುತ್ತವೆ. ಕೇಳಿದರೆ “ನಮ್ಮದೇ ಕಲಾವಿದರು ಓದಿಕೊಡ್ತಾರೆ ಸರ್” ಅನ್ನುತ್ತಾರೆ. ಕಳಿಸಿದ ಮಾದರಿ “ಫಸಲ್ ಬಿಮಾ ಯೋಜನೆಯಡಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳತಕ್ಕದ್ದು” ಎಂದು ಶುರುವಾಗುತ್ತದೆ. ಕೇಳಿದ ರೈತ ಕೋರ್ಟಿನ ನೋಟಿಸ್ ಬಂತೆಂದು ವಕೀಲರನ್ನು ಹುಡುಕಬೇಕು. 54 ಸೆಕೆಂಡಿಗೆ ಇಳಿಸಿದ ಮೇಲೆ ಮೌನ ಸೇರಿಸಿದರೂ ಎರಡು ಪಲ್ಸ್‌ನಲ್ಲಿ ಮುಗಿಯುತ್ತಿದೆ.

ಸಾಂಗ್ಲಿ ಜಿಲ್ಲೆಯ ಜತ್ತ ಕಡೆಗೆ ಇದೇ ಕಡತ ಕಳಿಸುವಂತಿಲ್ಲ. ಅಲ್ಲಿ ‘ಅದ’ ಹೋಗಿ ‘ಐತಿ’ ಆಗಬೇಕು, ‘ಬಂದಾಗ್ಯಾದ’ ಹೋಗಿ ‘ಬಂದಾಗೇತಿ’. ಅದು ಒಂದು ಮಧ್ಯಾಹ್ನದ ಕೆಲಸ.

ನಿಜವಾದ ತಲೆನೋವು ಮುಂದಿನದು, ಪೀಕ್ ಪಾಹಣಿಯ ಸಂದೇಶ. ವಿಮಾ ಅರ್ಜಿಯಲ್ಲಿ ತೊಗರಿ ಬರೆಸಿ ಪಾಹಣಿಯಲ್ಲಿ ಸೋಯಾಬೀನ್ ದಾಖಲಾದರೆ ಅರ್ಜಿ ರದ್ದಾಗುತ್ತದೆ, ಅಷ್ಟು ದೊಡ್ಡ ವಿಷಯ. ಪಾಹಣಿ ಮಾಡುವುದೋ ಸ್ಮಾರ್ಟ್‌ಫೋನಿನ ಆ್ಯಪಿನಲ್ಲಿ, ಹೊಲದಲ್ಲೇ ನಿಂತು ಫೋಟೋ ತೆಗೆದು. ನಮ್ಮ ಕೇಳುಗರ ಕೈಯಲ್ಲಿರುವುದು ಬಟನ್ ಫೋನು. ‘ಆ್ಯಪ್ ತೆರೆಯಿರಿ’ ಅನ್ನದೆ, ‘ಮೊಬೈಲ್ ಇರೋ ಹುಡುಗನ್ನ ಹೊಲಕ್ಕ ಕರ್ಕೊಂಡು ಹೋಗು, ವಿಮಾ ರಶೀದಿ ಕೈಯಾಗಿರ್ಲಿ, ಅದ್ರಾಗ ಯಾವ ಬೆಳಿ ಅದ, ಅದನ್ನ ಬರಸು’ ಅನ್ನುವಷ್ಟನ್ನು ಎರಡು ಪಲ್ಸ್‌ನಲ್ಲಿ ಹೇಳಬೇಕು. ತೊಗರಿಯ ಸಾಲಿನ ನಡುವೆ ಉದ್ದು ಬಿತ್ತಿದವರಿಗೆ ಏನು ಹೇಳುವುದು ಎಂಬಲ್ಲಿ ಕರಡು ನಿಂತಿದೆ.