‘ಮೇಲೆ ನೋಡಿ’ ಅಂದರು, ಮೇಲೆ ಏನೂ ಇಲ್ಲ

“‘ಮೇಲೆ ಹೇಳಿದಂತೆ’, ‘ಕೆಳಗಿನ ಪಟ್ಟಿ ನೋಡಿ’ ಅಂತ ಬರೆದಿರುತ್ತಾರೆ. ಹುಡುಕಿದರೆ ಅಂಥದ್ದೇನೂ ಇರಲ್ಲ. ಬರೆದವರು ಒಂದು ಸಲನಾದ್ರೂ ಓದಿ ನೋಡಲ್ವಾ?”

ನೋಡಿರುತ್ತಾರೆ. ಅವರು ಓದಿದಾಗ ಅದು ಅಲ್ಲೇ ಇತ್ತು. ಆಮೇಲೆ ಎದ್ದು ಹೋಯಿತು, ಅಷ್ಟೇ.

ಕರಡು ತಿದ್ದುವುದು ನನ್ನ ಕೆಲಸ. ಒಮ್ಮೆ ಬಟ್ಟೆ ಒಗೆಯುವ ಮಷೀನಿನ ಕೈಪಿಡಿ ಬಂದಿತ್ತು. ಫಿಲ್ಟರ್ ಶುಚಿ ಮಾಡುವ ಭಾಗ ಹೀಗೆ ಶುರುವಾಗುತ್ತಿತ್ತು: “ಮೇಲೆ ತಿಳಿಸಿದಂತೆ ನೀರು ಖಾಲಿ ಮಾಡಿ, ನಂತರ ಫಿಲ್ಟರ್ ಬಿಚ್ಚಿ.” ಮೊದಲ ಕರಡಿನಲ್ಲಿ ಇದು ಸರಿಯಾಗಿಯೇ ಇತ್ತು. ಎರಡು ಪ್ಯಾರಾ ಹಿಂದೆ, ಕೆಳಗಡೆಯ ಸಣ್ಣ ಮುಚ್ಚಳ ತೆಗೆದು, ಪೈಪ್ ಹೊರಗೆಳೆದು, ನೀರನ್ನು ತಟ್ಟೆಗೆ ಬಿಡುವ ಬಗೆ ವಿವರಿಸಿದ್ದರು.

ಮಷೀನನ್ನು ಬೇರೆ ಮನೆಗೆ ಸಾಗಿಸುವಾಗಲೂ ನೀರು ಖಾಲಿ ಮಾಡಬೇಕು. ಅದನ್ನೇ ಎರಡು ಕಡೆ ಬರೆಯುವುದೇಕೆ ಅಂತ ಯಾರೋ ಆ ಎರಡು ಪ್ಯಾರಾಗಳನ್ನು ಕತ್ತರಿಸಿ, ಕೈಪಿಡಿಯ ಕೊನೆಗೆ ಪ್ರತ್ಯೇಕ ಭಾಗವಾಗಿ ಅಂಟಿಸಿದರು. ಒಳ್ಳೆಯ ತಿದ್ದುಪಡಿಯೇ. ಆದರೆ ತಿದ್ದಿದವರ ಕಣ್ಣು ಸರಿಸಿದ ಪ್ಯಾರಾದ ಮೇಲಿತ್ತು, ಅದನ್ನು ತೋರಿಸುತ್ತಿದ್ದ ವಾಕ್ಯದ ಮೇಲಲ್ಲ. ‘ಮೇಲೆ’ ಅಂದದ್ದು ಈಗ ‘ಕೆಳಗೆ’ ಆಗಿತ್ತು. ಮುಂದೆ ಅದೇ ಕೈಪಿಡಿಯನ್ನು ವೆಬ್‌ಸೈಟಿಗೆ ಹಾಕುವಾಗ ಒಂದೊಂದು ಭಾಗಕ್ಕೆ ಒಂದೊಂದು ಪುಟ ಮಾಡಿದರು. ಫಿಲ್ಟರ್ ಪುಟ ತೆರೆದವರಿಗೆ ಮೇಲೆ ಕಾಣುವುದು ಮೆನು ಮಾತ್ರ! ನೀರು ಖಾಲಿ ಮಾಡುವುದು ಹೇಗೆ ಅಂತ ಗೊತ್ತಾಗದೆ ಅವರು ಸೀದಾ ಫಿಲ್ಟರ್ ಬಿಚ್ಚುತ್ತಾರೆ, ಒಳಗಿದ್ದ ನೀರೆಲ್ಲ ನೆಲಕ್ಕೆ. ಬಿಸಿನೀರಲ್ಲಿ ಒಗೆದ ಮೇಲಾದರೆ ಕೈಯೂ ಸುಡುತ್ತದೆ.

ಈ ಕಥೆಯಲ್ಲಿ ತಪ್ಪು ಮಾಡಿದವರು ಯಾರು ಅಂತ ಹೇಳುವುದೇ ಕಷ್ಟ. ಬರೆದವರ ವಾಕ್ಯ ಸರಿ, ಸರಿಸಿದವರ ಕಾರಣ ಸರಿ, ಪುಟ ಒಡೆದವರು ಒಂದಕ್ಷರವನ್ನೂ ಮುಟ್ಟಿಲ್ಲ.

ನನ್ನ ಲೆಕ್ಕದಲ್ಲಿ, ಏನನ್ನೂ ತೋರಿಸದ ‘ಮೇಲೆ’ ಅಷ್ಟು ಕೆಟ್ಟದ್ದಲ್ಲ. ಓದುಗರಿಗೆ ಏನೋ ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತದೆ. ಬೇರೊಂದನ್ನು ತೋರಿಸುವ ‘ಮೇಲೆ’ ಜಾಸ್ತಿ ಅಪಾಯ. ‘ಮೇಲಿನ ಮೂರು ಹಂತಗಳನ್ನು ಮತ್ತೆ ಮಾಡಿ’ ಅಂತಿದೆ, ಹಳೆಯ ಮೂರು ಹಂತ ಹೋಗಿ ಆ ಜಾಗಕ್ಕೆ ಬೇರೆ ಮೂರು ಬಂದಿವೆ ಅಂದುಕೊಳ್ಳಿ. ಯಾರಿಗೂ ಅನುಮಾನವೇ ಬರುವುದಿಲ್ಲ.

ಹಾಗಾದರೆ ಕಂಪ್ಯೂಟರಿಗೇ ಬಿಟ್ಟುಬಿಡಬಹುದಲ್ವಾ? ಸ್ವಲ್ಪ ಮಟ್ಟಿಗೆ ಹೌದು. ವರ್ಡ್‌ನಲ್ಲಿ `Cross-reference` ಬಳಸಿ ಶೀರ್ಷಿಕೆಗೆ ಕೊಂಡಿ ಹಾಕಿದರೆ, ಅದು ಆ ಶೀರ್ಷಿಕೆಗೆ ಕಣ್ಣಿಗೆ ಕಾಣದ ಗುರುತೊಂದನ್ನು ಕಟ್ಟಿಡುತ್ತದೆ. ಶೀರ್ಷಿಕೆ ಎಲ್ಲಿಗೆ ಹೋದರೂ ಗುರುತೂ ಜೊತೆಗೆ ಹೋಗುತ್ತದೆ. ಆದರೆ ಶೀರ್ಷಿಕೆಯನ್ನೇ ಅಳಿಸಿದರೆ? ಪರದೆಯ ಮೇಲೆ ಹಳೆಯ ಮಾತೇ ಸುಮ್ನೆ ಕೂತಿರುತ್ತದೆ. ಕೊಂಡಿಗಳು ಹೊಸದಾಗುವವರೆಗೆ ಏನೂ ಗೊತ್ತಾಗದು. ಎಷ್ಟೋ ಸಲ ಅವು ಹೊಸದಾಗುವುದು ಪ್ರಿಂಟ್ ಕೊಡುವ ಹೊತ್ತಿಗೆ. ಎಲ್ಲರೂ ಓದಿ ಮುಗಿಸಿದ ಮೇಲೆ `Error! Reference source not found.` ಅಚ್ಚಾಗಿ ಬರುವುದು ಹೀಗೆ. ಕೊನೆಯ ಓದಿಗೆ ಮೊದಲೇ `Ctrl+A`, ಆಮೇಲೆ `F9` ಒತ್ತಿದರೆ ಅದು ನಿಮ್ಮ ಕಣ್ಣಿಗೇ ಮೊದಲು ಬೀಳುತ್ತದೆ. ಲೇಟೆಕ್ ಅನ್ನುವ ಅಕ್ಷರಜೋಡಣೆ ತಂತ್ರಾಂಶದಲ್ಲಿ ಬರೆಯುವವರಿಗೆ ಇದೇ ತೊಂದರೆ `??` ಅಂತ ಕಾಣುತ್ತದೆ. ಸಾಮಾನ್ಯವಾಗಿ ಇನ್ನೊಮ್ಮೆ ಓಡಿಸಿದರೆ ಹೋಗುತ್ತದೆ. ಹೋಗದಿದ್ದರೆ ಆ ಹೆಸರಿನ ಗುರುತು, ಅಂದರೆ `\label`, ಇಲ್ಲವೇ ಇಲ್ಲ ಅಂತ ಅರ್ಥ.

ಕೈಯಲ್ಲೇ ಟೈಪ್ ಮಾಡಿದ ‘ಮೇಲೆ’ಗೆ ಈ ಭಾಗ್ಯವೂ ಇಲ್ಲ, ಅದನ್ನು ಹುಡುಕಿಯೇ ಹಿಡಿಯಬೇಕು. ಕನ್ನಡದಲ್ಲಿ ಇದು ಇನ್ನೊಂಚೂರು ತಲೆನೋವು. ‘ಮೇಲೆ’ ಅಂತ ಹುಡುಕಿದರೆ ‘ಒಗೆದ ಮೇಲೆ’, ‘ನೆಲದ ಮೇಲೆ’ ಎಲ್ಲ ಸಾಲಾಗಿ ಬರುತ್ತವೆ. ಅದಕ್ಕೇ ನಾನು ‘ಮೇಲಿನ’, ‘ಮೇಲ್ಕಂಡ’, ‘ಮೇಲೆ ಹೇಳಿದ’, ‘ಮೇಲೆ ತಿಳಿಸಿದ’, ‘ಕೆಳಗಿನ’, ‘ಕೆಳಕಂಡ’ ಅಂತ ಒಂದೊಂದನ್ನೇ ಹುಡುಕುತ್ತೇನೆ. ಸಿಕ್ಕಲ್ಲೆಲ್ಲ ನಿಂತು, ತೋರಿಸಿದ ವಸ್ತು ಇದೆಯಾ ಅಂತ ಬೆರಳಿಟ್ಟು ನೋಡುತ್ತೇನೆ. ‘ಬಲಗಡೆಯ ಚಿತ್ರ’ವನ್ನಂತೂ ಬಿಡುವುದೇ ಇಲ್ಲ. ಫೋನಿನಲ್ಲಿ ಬಲಗಡೆ ಅಂತ ಜಾಗ ಎಲ್ಲಿದೆ? ಚಿತ್ರ ಕೆಳಗಿಳಿದಿರುತ್ತದೆ.

ಆ ಕೈಪಿಡಿಯ ವಾಕ್ಯವನ್ನು ಹೀಗೆ ಬದಲಿಸಿದೆ: “‘ನೀರು ಖಾಲಿ ಮಾಡುವುದು’ ಭಾಗದಲ್ಲಿರುವಂತೆ ಮೊದಲು ನೀರು ತೆಗೆಯಿರಿ, ನಂತರ ಫಿಲ್ಟರ್ ಬಿಚ್ಚಿ.” ನಾಳೆ ಯಾರಾದರೂ ಆ ಭಾಗದ ಹೆಸರನ್ನೇ ಬದಲಿಸಿದರೆ ಇದೂ ಕೆಡುತ್ತದೆ, ನಿಜ. ಆದರೆ ಓದುಗರಿಗೆ ಹುಡುಕಲು ಒಂದು ಹೆಸರಾದರೂ ಕೈಯಲ್ಲಿರುತ್ತದೆ, ಜೊತೆಗೆ ಫಿಲ್ಟರ್ ಬಿಚ್ಚುವ ಮೊದಲು ನೀರು ತೆಗೆಯಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.