ನಾಲ್ಕನೇ ತುತ್ತಿಗೇ ತುಂಬುವ ಹೊಟ್ಟೆ

ಎಂಡೋಸ್ಕೋಪಿ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ಓದಿದ್ದು ಕೊನೆಯ ಸಾಲು. ನಾರ್ಮಲ್ ಎಂದಿತ್ತು. ಪಕ್ಕದಲ್ಲಿ ಕೂತಿದ್ದ ಅಕ್ಕ "ಸದ್ಯ, ಏನೂ ಇಲ್ವಲ್ಲ" ಎಂದು ನಿಟ್ಟುಸಿರು ಬಿಟ್ಟಳು. ನನಗೆ ಕಣ್ಣಲ್ಲಿ ನೀರು ಬಂತು. ಏನೂ ಇಲ್ಲ ಎಂದರೆ ಈ ಎಂಟು ತಿಂಗಳು ನಾನು ಅನುಭವಿಸಿದ್ದು ಏನು?

ಶುರುವಾಗಿದ್ದು ಒಂದು ವಾಂತಿಭೇದಿಯಿಂದ. ನಾಲ್ಕು ದಿನದಲ್ಲಿ ಅದು ನಿಂತಿತು. ಆದರೆ ಊಟ ಮೊದಲಿನಂತೆ ಆಗಲಿಲ್ಲ. ಹಸಿವು ಆಗುತ್ತಿತ್ತು, ಅದೇ ವಿಚಿತ್ರ. ಹಸಿದು ಕೂತರೆ ಮೂರು ತುತ್ತು ಸಲೀಸಾಗಿ ಇಳಿಯುತ್ತಿತ್ತು. ನಾಲ್ಕನೆಯದಕ್ಕೆ ಹೊಟ್ಟೆ ಬಾಗಿಲು ಹಾಕಿಕೊಳ್ಳುತ್ತಿತ್ತು. ದೊಡ್ಡ ಊಟ ಮುಗಿಸಿ ಎದ್ದಾಗ ಹೇಗಿರುತ್ತದೋ ಹಾಗೆ, ತಟ್ಟೆಯಲ್ಲಿ ಮುಕ್ಕಾಲು ಭಾಗ ಹಾಗೇ ಇರುವಾಗಲೇ. ಬಲವಂತವಾಗಿ ತಿಂದರೆ ಎದೆಗೂಡು ಮುಗಿಯುವಲ್ಲಿಂದ ಹೊಕ್ಕಳಿನ ಮೇಲಿನವರೆಗೆ ಒಂದು ಒತ್ತಡ. ಎರಡು ಮೂರು ಗಂಟೆ ಅದು ಕರಗುತ್ತಿರಲಿಲ್ಲ. "ಇನ್ನೊಂದು ತುತ್ತು, ನನಗೋಸ್ಕರ" ಎಂದು ಅಕ್ಕ ದಿನಾ ಹೇಳುತ್ತಿದ್ದಳು. ಆ ಒಂದು ತುತ್ತಿಗೆ ನಾನು ಹೆದರುತ್ತಿದ್ದೆ.

ಗ್ಯಾಸ್ಟ್ರಿಕ್ ಇರಬೇಕು ಎಂದು ಎಲ್ಲರೂ ಹೇಳಿದರು. ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನು ಎಂಟು ವಾರ ತೆಗೆದುಕೊಂಡೆ. ಆಗೊಮ್ಮೆ ಈಗೊಮ್ಮೆ ಇದ್ದ ಉರಿ ಹೋಯಿತು. ಬೇಗ ತುಂಬಿಕೊಳ್ಳುವುದು ಒಂದಿಷ್ಟೂ ಬದಲಾಗಲಿಲ್ಲ. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಎಲ್ಲಾ ಸರಿ ಇತ್ತು. ಉಳಿದಿದ್ದು ಎಂಡೋಸ್ಕೋಪಿ. ಅದಕ್ಕೆ ಎರಡು ವಾರ ಮುಂಚೆಯೇ ಆಸಿಡ್ ಮಾತ್ರೆ ನಿಲ್ಲಿಸಲು ಹೇಳಿದ್ದರು. ಹೊಟ್ಟೆಯಲ್ಲಿ ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದ್ದರೆ, ಮಾತ್ರೆಯ ಪ್ರಭಾವದಲ್ಲಿ ಅದು ಪರೀಕ್ಷೆಗೆ ಸಿಗದೆ ಹೋಗಬಹುದಂತೆ. ನನ್ನಲ್ಲಿ ಅದೂ ಇರಲಿಲ್ಲ.

ಎಂಡೋಸ್ಕೋಪಿಯ ಒಂದು ಕ್ಷಣ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಎಡಮಗ್ಗುಲಿಗೆ ಮಲಗಿದ್ದೆ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದಿದ್ದರು, ನಿದ್ದೆಯ ಔಷಧಿ ನಾನೇ ಬೇಡ ಎಂದಿದ್ದೆ. ಒಳಗೆ ಚೆನ್ನಾಗಿ ಕಾಣಲಿ ಎಂದು ಟ್ಯೂಬಿನಿಂದ ಗಾಳಿ ಬಿಟ್ಟು ಹೊಟ್ಟೆಯನ್ನು ಅಗಲಿಸುತ್ತಾರೆ. ಗಾಳಿ ಹೋದ ತಕ್ಷಣ ಅದೇ ಒತ್ತಡ, ಅದೇ ಜಾಗದಲ್ಲಿ ಎದ್ದಿತು. ನಾಲ್ಕನೇ ತುತ್ತಿನ ಒತ್ತಡವೇ. ಬಾಯಲ್ಲಿ ಟ್ಯೂಬ್ ಇತ್ತು, ಹೇಳಲಾಗಲಿಲ್ಲ.

ರಿಪೋರ್ಟ್ ಹಿಡಿದು ಡಾಕ್ಟರ್ ಮುಂದೆ ಕೂತಾಗ ಮೊದಲು ಅದನ್ನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಾವು ನೋಡಿದ್ದು ನಿಮ್ಮ ಖಾಲಿ ಹೊಟ್ಟೆಯ ಒಳಗೋಡೆ. ಹುಣ್ಣು ಇದೆಯಾ, ಗಡ್ಡೆ ಇದೆಯಾ ಅಂತ. ಎರಡೂ ಇಲ್ಲ. ಆದ್ರೆ ನಿಮ್ಮ ತೊಂದರೆ ಇರೋದು ಊಟ ಒಳಗೆ ಬಿದ್ದಾಗ ಹೊಟ್ಟೆ ಮಾಡೋ ಕೆಲಸದಲ್ಲಿ. ಅದು ಕ್ಯಾಮೆರಾಗೆ ಕಾಣಲ್ಲ."

ಕಾಗದದ ಮೇಲೆ ಅವರು ಜಠರದ ಚಿತ್ರ ಬರೆದರು. ಖಾಲಿ ಇದ್ದಾಗ ಅದು ಮುದುಡಿದ ಚೀಲ, ನೂರು ಮಿಲಿಲೀಟರ್ ಕೂಡ ಹಿಡಿಯುವುದಿಲ್ಲ. ಊಟ ಶುರುವಾದ ಕೂಡಲೇ ಅದರ ಮೇಲ್ಭಾಗ ತಾನಾಗಿ ಸಡಿಲವಾಗಬೇಕು. ಹಾಗೆ ಸಡಿಲವಾದರೆ ಒಂದು ಲೀಟರ್ ಒಳಗೆ ಹೋದರೂ ಒತ್ತಡ ಹೆಚ್ಚಾಗುವುದಿಲ್ಲ, ನಮಗೆ ಗೊತ್ತೇ ಆಗುವುದಿಲ್ಲ. ನನ್ನಂಥವರಲ್ಲಿ ಈ ಸಡಿಲವಾಗುವ ಕೆಲಸ ಸರಿಯಾಗಿ ಆಗದೇ ಇರಬಹುದು. ಆಗ ಊಟಕ್ಕೆ ಮೇಲೆ ಜಾಗ ಸಿಗುವುದಿಲ್ಲ, ಬೇಗ ಕೆಳಗೆ ಸರಿಯುತ್ತದೆ, ಗೋಡೆ ಹಿಗ್ಗುತ್ತದೆ. ಅದರ ಜೊತೆಗೆ ಅಲ್ಲಿನ ನರಗಳೂ ಸೂಕ್ಷ್ಮವಾಗಿರಬಹುದು. ಬೇರೆಯವರಿಗೆ ಲೆಕ್ಕಕ್ಕೇ ಬಾರದ ಹಿಗ್ಗುವಿಕೆ ನನಗೆ ನೋವಾಗಿ ಕೇಳಿಸುತ್ತದೆ. ಗಾಳಿ ಬಿಟ್ಟಾಗ ಆಗಿದ್ದೂ ಅದೇ ಇರಬಹುದು ಎಂದರು. ಹೊಟ್ಟೆಯ ಸೋಂಕಿನ ನಂತರ ಹೀಗೆ ಶುರುವಾಗುವುದು ಅವರಿಗೆ ಹೊಸದಾಗಿರಲಿಲ್ಲ.

ಇದಕ್ಕೆ ಫಂಕ್ಷನಲ್ ಡಿಸ್ಪೆಪ್ಸಿಯಾ ಎಂಬ ಹೆಸರಿದೆ. "ಏನೂ ಇಲ್ಲ ಅಂತ ಕೊಡೋ ಹೆಸರಲ್ಲ ಇದು" ಎಂದು ಒತ್ತಿ ಹೇಳಿದರು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು, ಕೊನೆಯ ಮೂರು ತಿಂಗಳು ಬಿಡದೆ ಕಾಡಿರಬೇಕು, ಪರೀಕ್ಷೆಯಲ್ಲಿ ಬೇರೆ ಕಾರಣ ಸಿಕ್ಕಿರಬಾರದು. ನನ್ನ ಹಾಗೆ ಊಟದಿಂದಲೇ ತೊಂದರೆ ಆಗುವವರದು ಒಂದು ಬಗೆ. ಊಟಕ್ಕೂ ಅದಕ್ಕೂ ಅಷ್ಟು ಸಂಬಂಧವಿಲ್ಲದೆ ಮೇಲ್ಹೊಟ್ಟೆ ನೋವು, ಉರಿ ಬರುವವರದು ಇನ್ನೊಂದು. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಆಸಿಡ್ ಮಾತ್ರೆ ನನ್ನ ಉರಿಯನ್ನು ಮಾತ್ರ ತೆಗೆದುಕೊಂಡು ಹೋಗಿದ್ದು ಯಾಕೆ ಎಂದು ಆಗ ಅರ್ಥವಾಯಿತು.

ಅಕ್ಕ ಕೇಳಿದಳು, "ಟೆನ್ಷನ್‌ನಿಂದ ಬಂದಿದ್ದಾ ಡಾಕ್ಟ್ರೇ?" ನನಗೆ ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತಿತ್ತು. ಆದರೆ ಅವರ ಉತ್ತರ ನನ್ನ ಪರವಾಗಿತ್ತು. ಹೊಟ್ಟೆ ಮತ್ತು ಮೆದುಳಿನ ನಡುವೆ ನರಗಳ ದಾರಿ ಇದೆ, ಸುದ್ದಿ ಎರಡೂ ಕಡೆಗೆ ಹೋಗುತ್ತದೆ. ಟೆನ್ಷನ್ ಇದನ್ನು ಜಾಸ್ತಿ ಮಾಡಬಹುದು, ಹೊಟ್ಟೆಯ ತೊಂದರೆಯೂ ಟೆನ್ಷನ್ ತರಬಹುದು. ಹಾಗಂತ ಇದು ಕಲ್ಪನೆಯಲ್ಲ ಎಂದರು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಅಕೋಟಿಯಮೈಡ್ ಎಂಬ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ. ಎಲ್ಲರಿಗೂ ಇದು ಕೆಲಸ ಮಾಡುವುದಿಲ್ಲ, ನಾಲ್ಕು ವಾರ ನೋಡೋಣ ಎಂದು ಮೊದಲೇ ಹೇಳಿದ್ದರು. ಊಟದ ವಿಷಯದಲ್ಲಿ ಹೇಳಿದ್ದು ಎರಡೇ ಮಾತು. ಮೂರು ಊಟವನ್ನು ಐದಾಗಿ ಒಡೆಯಿರಿ, ಎಣ್ಣೆ ಕೊಬ್ಬು ಕಡಿಮೆ ಮಾಡಿ. ಕೊಬ್ಬು ಸಣ್ಣ ಕರುಳಿಗೆ ತಲುಪಿದಾಗ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಒತ್ತಡ ಇನ್ನೂ ಜೋರಾಗಿ ಕೇಳಿಸುತ್ತದೆ.

ಏಳುವಾಗ ಇನ್ನೊಂದು ಮಾತು ಹೇಳಿದರು. ಪ್ರಯತ್ನ ಪಡದೇ ತೂಕ ಇಳಿಯುತ್ತಾ ಹೋದರೆ, ನುಂಗುವಾಗ ಸಿಕ್ಕಿಕೊಂಡರೆ, ವಾಂತಿ ನಿಲ್ಲದಿದ್ದರೆ, ಮಲ ಕಪ್ಪಗಾದರೆ, ರಕ್ತ ಕಡಿಮೆಯಾಗಿದೆ ಎಂದು ಗೊತ್ತಾದರೆ ಈ ನಾರ್ಮಲ್ ರಿಪೋರ್ಟ್ ನಂಬಿಕೊಂಡು ಕೂರಬೇಡಿ, ತಕ್ಷಣ ಬನ್ನಿ ಎಂದು. ನಾನು ಆಗಲೇ ಎರಡು ಕೆಜಿ ಇಳಿದಿದ್ದೆ, ಊಟ ಕಡಿಮೆಯಾಗಿದ್ದಕ್ಕೇ ಇರಬೇಕು. ಆದರೂ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಲು ಹೇಳಿದರು.

ಮೊದಲ ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಮೂರನೇ ವಾರದಲ್ಲಿ ಒಂದು ಮಧ್ಯಾಹ್ನ ತಟ್ಟೆಯಲ್ಲಿ ಹಾಕಿಕೊಂಡಿದ್ದಷ್ಟೂ ಖಾಲಿಯಾಗಿತ್ತು, ನಾನು ತುತ್ತು ಎಣಿಸುವುದನ್ನೇ ಮರೆತಿದ್ದೆ. ಮರುದಿನ ಮತ್ತೆ ಐದಕ್ಕೇ ನಿಂತಿತು. ಹೀಗೇ ಏರಿಳಿತ. ಈಗಲೂ ವಾರದಲ್ಲಿ ಒಂದೆರಡು ದಿನ ಕೆಟ್ಟದಾಗಿರುತ್ತದೆ, ನಿದ್ದೆ ಕೆಟ್ಟ ಮರುದಿನವಂತೂ ಖಂಡಿತ. ತೂಕ ಮಾತ್ರ ಇಳಿಯುವುದು ನಿಂತಿದೆ.

ಅಕ್ಕ ಈಗ ಇನ್ನೊಂದು ತುತ್ತು ಎನ್ನುವುದಿಲ್ಲ. ಚಿಕ್ಕ ತಟ್ಟೆಯಲ್ಲಿ ಅರ್ಧ ಬಡಿಸುತ್ತಾಳೆ. ಉಳಿದರ್ಧವನ್ನು ಮುಚ್ಚಿಟ್ಟು, ಎರಡೂವರೆ ಗಂಟೆ ಬಿಟ್ಟು ಬಂದು ಕೇಳುತ್ತಾಳೆ, "ಈಗ ಜಾಗ ಆಯ್ತಾ?"